ಹೊಡ್ಕೊಳ್ಳದ ಫೋನು

ಹಿರಿಯರೇ, ತಾಯಂದಿರೇ, ಸ್ನೇಹಿತರೇ, ಎಲ್ಲರಿಗೂ ನಮಸ್ಕಾರ.

ನಾನು ಸಾಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಭಾಷಣ ಮಾಡಿ ಅಭ್ಯಾಸವಿಲ್ಲ. ಅದಕ್ಕೆ ಇವತ್ತು ಒಬ್ಬರು ಅಜ್ಜಿಯ ಕಥೆ ಹೇಳುತ್ತೇನೆ. ಕಥೆ ಸಣ್ಣದು, ಒಂದು ಗಂಟೆಯೊಳಗೆ ನನ್ನ ಅಂಗಡಿಯಲ್ಲೇ ನಡೆದು ಮುಗಿದದ್ದು. ಆದರೆ ಅವತ್ತಿನಿಂದ ನಾನು ಗಿರಾಕಿಗಳನ್ನು ಮಾತಾಡಿಸುವ ರೀತಿಯೇ ಬದಲಾಯಿತು.

ಗೌರಿ ಹಬ್ಬ ಮುಗಿದು ನಾಲ್ಕೈದು ದಿನ ಆಗಿರಬೇಕು. ಜಿಟಿಜಿಟಿ ಮಳೆ. ಅಜ್ಜಿ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದಿದ್ದರು. ಕೊಡೆಯನ್ನು ಬಾಗಿಲ ಹೊರಗೆ ಒರಗಿಸಿ, ಸೊಂಟದಿಂದ ಎಲೆಅಡಿಕೆ ಚೀಲ ತೆಗೆದು, ಅದರೊಳಗಿಂದ ಕರವಸ್ತ್ರದಲ್ಲಿ ಸುತ್ತಿದ್ದ ಫೋನನ್ನು ಬಿಚ್ಚಿ ಗಾಜಿನ ಮೇಲಿಟ್ಟರು. ಹಳೇ ಕೀಪ್ಯಾಡ್ ಫೋನು.

“ತಮ್ಮಾ, ಇದು ಸತ್ತು ಹೋಗಿದೆ ನೋಡು. ಐದು ದಿನ ಆಯ್ತು, ಹೊಡ್ಕೊಳ್ಳೋದೇ ಇಲ್ಲ.”

ಇದಕ್ಕೂ ಮೊದಲು ಬೇರೆ ಒಂದು ಕಡೆ ತೋರಿಸಿದ್ದರಂತೆ. ಸ್ಪೀಕರ್ ಹೋಗಿದೆ, 350 ರೂಪಾಯಿ ಆಗುತ್ತೆ ಅಂದರಂತೆ. ಅಷ್ಟು ದುಡ್ಡು ತಂದಿರಲಿಲ್ಲ ಅಂತ ಅವತ್ತು ವಾಪಸು ಹೋಗಿದ್ದರು. ಈಗ ದುಡ್ಡು ಹೊಂದಿಸಿಕೊಂಡು ಬಂದಿದ್ದರು.

ಅಭ್ಯಾಸಬಲದಿಂದ ನನ್ನ ಕೈಯೂ ಸ್ಕ್ರೂಡ್ರೈವರಿಗೇ ಹೋಗಿತ್ತು. ಅಷ್ಟರಲ್ಲಿ ಅಜ್ಜಿ ತಾವಾಗಿಯೇ ಒಂದು ಮಾತು ಹೇಳಿದರು. “ಬೆಳಿಗ್ಗೆ ಐದಕ್ಕೆ ಮಾತ್ರ ಕೂಗ್ತದೆ. ಹಾಲು ಕರೆಯೋಕೆ ಅಂತ ಮೊಮ್ಮಗ ಇಟ್ಟುಕೊಟ್ಟಿದ್ದು. ಅದಕ್ಕೆ ಮಾತ್ರ ಜೀವ ಇದೆ.”

ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಯಾಕೆ ಅಂತ ಹೇಳುತ್ತೇನೆ. ಫೋನಿನಲ್ಲಿ ರಿಂಗ್ ಆಗುವುದು, ಅಲಾರಂ ಕೂಗುವುದು, ರೇಡಿಯೋ ಜೋರಾಗಿ ಕೇಳಿಸುವುದು, ಎಲ್ಲ ಒಂದೇ ಸ್ಪೀಕರಿನಿಂದ. ಆ ಸ್ಪೀಕರ್ ಸುಟ್ಟು ಹೋಗಿದ್ದರೆ ಅಲಾರಂ ಕೂಡ ಕೂಗುವುದಿಲ್ಲ. ಅಲಾರಂ ಕೂಗುತ್ತಿದೆ ಅಂದಮೇಲೆ ಸ್ಪೀಕರ್ ಗಟ್ಟಿಯಾಗಿಯೇ ಇದೆ. ಕೂಗಬೇಡ ಅಂತ ಯಾರೋ ಅದಕ್ಕೆ ಹೇಳಿದ್ದಾರೆ, ಅಷ್ಟೇ. ಸೈಲೆಂಟ್‌ಗೆ ಹಾಕಿದ ಫೋನು ಕರೆ ಬಂದಾಗ ಬಾಯಿ ಮುಚ್ಚಿಕೊಳ್ಳುತ್ತದೆ. ಆದರೆ ನಾವೇ ಇಟ್ಟ ಅಲಾರಮ್ಮಿಗೆ ಬಾಯಿ ಬಿಡುತ್ತದೆ. ಅದನ್ನು ಮಾಡಿರುವುದೇ ಹಾಗೆ. ರಾತ್ರಿ ಸೈಲೆಂಟ್ ಮಾಡಿ ಮಲಗಿದವರು ಬೆಳಿಗ್ಗೆ ಏಳಬೇಕಲ್ವಾ?

ಆದರೂ ಒಂದು ಅನುಮಾನ ಉಳಿಯುತ್ತದೆ. ನಮ್ಮ ಮಲೆನಾಡಿನ ಕಡೆ ನೆಟ್‌ವರ್ಕ್ ಕಥೆ ನಿಮಗೆ ಗೊತ್ತೇ ಇದೆ. ಕರೆಯೇ ಬರುತ್ತಿಲ್ಲವೋ, ಬಂದರೂ ಸದ್ದಾಗುತ್ತಿಲ್ಲವೋ ಅನ್ನುವುದನ್ನು ಮೊದಲು ಬೇರೆ ಮಾಡಬೇಕು. ನನ್ನ ಫೋನಿನಿಂದ ಅಜ್ಜಿಯ ನಂಬರಿಗೆ ಹಚ್ಚಿದೆ. ನನ್ನ ಕಿವಿಯಲ್ಲಿ ರಿಂಗ್ ಹೋಗುತ್ತಿತ್ತು. ಗಾಜಿನ ಮೇಲಿದ್ದ ಅವರ ಫೋನಿನಲ್ಲಿ ಬೆಳಕು ಬಂತು, ನನ್ನ ನಂಬರೂ ಬಂತು. ಸದ್ದಿಲ್ಲ, ನಡುಕವೂ ಇಲ್ಲ. ನೆಟ್‌ವರ್ಕ್ ಇಲ್ಲದಿದ್ದರೆ ನನಗೆ ಸ್ವಿಚ್ ಆಫ್ ಅಂತಲೋ, ವ್ಯಾಪ್ತಿ ಪ್ರದೇಶದಲ್ಲಿಲ್ಲ ಅಂತಲೋ ಕೇಳಬೇಕಿತ್ತು.

ಪರದೆಯ ತುದಿಯಲ್ಲಿ ನೋಡಿದೆ. ಅಡ್ಡಗೆರೆ ಹೊಡೆದ ಗಂಟೆಯ ಚಿತ್ರ. ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅಜ್ಜಿಗೆ ಒಂದು ಕಣ್ಣಿನ ಪೊರೆ ತೆಗೆಸಿ ಆಗಿತ್ತು, ಇನ್ನೊಂದು ಬಾಕಿ ಇತ್ತು. ಆ ಚಿತ್ರ ಅವರಿಗೆ ಕಾಣುವುದುಂಟೇ?

ಕೀಪ್ಯಾಡಿನ ಕೆಳಸಾಲಿನಲ್ಲಿ ಬಲಗಡೆ # ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದೆ. ಒಂದು, ಎರಡು ಎಣಿಸುವಷ್ಟರಲ್ಲಿ ಅಡ್ಡಗೆರೆಯ ಗಂಟೆ ಮಾಯವಾಯಿತು. ಮತ್ತೆ ನನ್ನ ಫೋನಿನಿಂದ ಹಚ್ಚಿದೆ. ಅಂಗಡಿ ತುಂಬಾ ಟ್ರಿಣ್ ಟ್ರಿಣ್ ಅಂತ ಹೊಡೆದುಕೊಂಡಿತು.

ಅಜ್ಜಿ ಬೆಂಚಿನಿಂದ ಎದ್ದೇ ಬಿಟ್ಟರು. “ಏನು ಹಾಕ್ದೆ ಮಾರಾಯಾ ಅದಕ್ಕೆ?”

“ಏನೂ ಹಾಕಿಲ್ಲ ಅಜ್ಜಿ. ಕೆಟ್ಟೇ ಇರಲಿಲ್ಲ. ಬಾಯಿ ಕಟ್ಟಿತ್ತು, ಬಿಚ್ಚಿದೆ.”

ಇಷ್ಟಕ್ಕೇ ಬಿಟ್ಟಿದ್ದರೆ ಮಾರನೇ ವಾರ ಅವರು ಅದೇ ಬಸ್ಸಿಗೆ ಮತ್ತೆ ಬರುತ್ತಿದ್ದರು. ಗುಂಡಿಯನ್ನು ಒತ್ತಿದ್ದು ಯಾರು ಅನ್ನುವುದು ಗೊತ್ತಾಗಬೇಕಲ್ಲ? ಅಜ್ಜಿ ಒತ್ತಿಲ್ಲ ಅಂತ ಆಣೆ ಮಾಡಿದರು. ಮನೆಯಲ್ಲಿ ಅವರೊಬ್ಬರೇ. “ಫೋನನ್ನ ಎಲ್ಲಿ ಇಡ್ತೀರಿ?” ಅಂತ ಕೇಳಿದೆ. ಎಲೆಅಡಿಕೆ ಚೀಲ ತೋರಿಸಿದರು. ತೋಟಕ್ಕೆ ಹೋದರೂ ಕೊಟ್ಟಿಗೆಗೆ ಹೋದರೂ ಚೀಲ ಸೊಂಟದಲ್ಲೇ, ಫೋನೂ ಅದರಲ್ಲೇ. ಚೀಲ ಬಿಚ್ಚಿ ನೋಡಿದೆ. ಎಲೆ, ಹೋಳು ಅಡಿಕೆ, ಅಡಕತ್ತರಿ, ಹಿತ್ತಾಳೆಯ ಸುಣ್ಣದ ಡಬ್ಬಿ. ಡಬ್ಬಿಯ ಮುಚ್ಚಳಕ್ಕೆ ಒಂದು ಸಣ್ಣ ಹಿಡಿ ಇತ್ತು, ಕಡಲೆಕಾಳಿನಷ್ಟು. ಫೋನನ್ನು ಅದರ ಪಕ್ಕದಲ್ಲಿಟ್ಟು, ಚೀಲ ಸುತ್ತಿ, ಅಂಗೈಯಿಂದ ಒತ್ತಿದೆ. ಮೂರನೇ ಸಲಕ್ಕೆ ಆ ಹಿಡಿ # ಮೇಲೆ ಕೂತಿತು. ಬಿಚ್ಚಿ ನೋಡಿದರೆ ಅಡ್ಡಗೆರೆಯ ಗಂಟೆ ಮತ್ತೆ ಬಂದಿತ್ತು.

ಕೀಪ್ಯಾಡ್ ಲಾಕ್ ಆಗಿದ್ದರೆ ಡಬ್ಬಿ ಎಷ್ಟು ಒತ್ತಿದರೂ ಏನೂ ಆಗುತ್ತಿರಲಿಲ್ಲ. ಆ ಲಾಕನ್ನು ಮೊಮ್ಮಗ ತೆಗೆದುಹಾಕಿದ್ದ. ಅವನದೂ ತಪ್ಪಲ್ಲ. ಲಾಕ್ ತೆಗೆಯಲು ಎಡಗಡೆಯ ಗುಂಡಿ ಒತ್ತಿ, ಕೂಡಲೇ * ಒತ್ತಬೇಕು. ಸ್ವಲ್ಪ ತಡವಾದರೆ ಮೊದಲಿನಿಂದ ಶುರು. ಅಜ್ಜಿಯ ಬೆರಳಿಗೆ ಅದು ಸಿಗುತ್ತಿರಲಿಲ್ಲ. ಅಜ್ಜಿ ಒದ್ದಾಡುವುದು ಬೇಡ ಅಂತ ಪ್ರೀತಿಯಿಂದಲೇ ತೆಗೆದಿದ್ದಾನೆ.

ಈಗ ನನ್ನನ್ನು ಜಾಸ್ತಿ ಕಾಡಿದ ಭಾಗಕ್ಕೆ ಬರುತ್ತೇನೆ.

ಫೋನಿನಲ್ಲಿ 17 missed calls ಅಂತ ಬರೆದ ಚೌಕ ಇತ್ತು. ಓದಿ ಹೇಳಿದೆ. ಅಜ್ಜಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಆ ಥರದ ಚೌಕ ದಿನಾ ಬರುತ್ತಿತ್ತಂತೆ. ಕಂಪನಿಯವರ ಜಾಹೀರಾತು ಅಂದುಕೊಂಡು ಕೆಂಪು ಗುಂಡಿ ಒತ್ತಿ ಕಳಿಸುತ್ತಿದ್ದರಂತೆ. ಒಳಗೆ ಹೋಗಿ ಪಟ್ಟಿ ನೋಡಿದೆ. 17ರಲ್ಲಿ ಎರಡು ನಾನೇ ಮಾಡಿದ್ದು. ಒಂದು ಬೇರೆ ನಂಬರು. ಉಳಿದ 14 ಒಂದೇ ಹೆಸರಿನದು. ಪುಣೆಯಲ್ಲಿರುವ ಮಗಳು.

ಅಜ್ಜಿ ಆ ಬೆಂಚಿನ ಮೇಲೆ ಮತ್ತೆ ಕೂತರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದರು. ಈ ಸಲ ಗೌರಿ ಬಾಗಿನ ಕಳಿಸುವುದು ತಡವಾಗಿತ್ತು. ಮಳೆಗೆ ಪೇಟೆಗೆ ಹೋಗಲು ಆಗಿರಲಿಲ್ಲ. ಹಬ್ಬ ಕಳೆದ ಮೇಲೆ ಮುಟ್ಟಿರಬೇಕು. ತವರಿನಿಂದ ಬಾಗಿನ ಸಮಯಕ್ಕೆ ಬರಲಿಲ್ಲ ಅಂತ ಮಗಳಿಗೆ ಬೇಜಾರಾಗಿದೆ, ಅದಕ್ಕೇ ಫೋನ್ ಮಾಡುತ್ತಿಲ್ಲ ಅಂತ ಮೊದಲ ಎರಡು ದಿನ ಅಂದುಕೊಂಡಿದ್ದರು. ಅವಳು ಅಷ್ಟು ಕಲ್ಲುಮನಸ್ಸಿನವಳಲ್ಲ, ಫೋನೇ ಕೆಟ್ಟಿರಬೇಕು ಅಂತ ಮೂರನೇ ದಿನ ಮನಸ್ಸಿಗೆ ಸಮಾಧಾನ ಹೇಳಿಕೊಂಡರಂತೆ.

“ನೀವೇ ಒಂದು ಸಲ ಮಾಡಬಹುದಿತ್ತಲ್ಲ ಅಜ್ಜಿ?”

“ಕೆಟ್ಟ ಫೋನಲ್ಲಿ ಮಾಡಿದ್ರೆ ಸುಮ್ನೆ ದುಡ್ಡು ಹೋಗ್ತದೆ ಅಂತ ಮಾಡ್ಲಿಲ್ಲ.”

ಸ್ನೇಹಿತರೇ, ಬೇರೆ ವಸ್ತು ಕೆಟ್ಟರೆ ನಮಗೆ ಗೊತ್ತಾಗುತ್ತದೆ. ಮಿಕ್ಸಿ ತಿರುಗುವುದಿಲ್ಲ, ಬಲ್ಬು ಉರಿಯುವುದಿಲ್ಲ. ಸೈಲೆಂಟ್ ಆದ ಫೋನು ಹಾಗಲ್ಲ. ಅದು ಸುಮ್ಮನಿರುವುದೂ ಒಂದೇ, ಯಾರೂ ನಮ್ಮನ್ನು ಕೇಳದೇ ಇರುವುದೂ ಒಂದೇ. ಒಬ್ಬರೇ ಇರುವವರಿಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದಾದರೂ ಹೇಗೆ? ಫೋನ್ ಕೆಟ್ಟಿದೆ ಅಂದುಕೊಳ್ಳುವುದೇ ಅಜ್ಜಿಗೆ ಹಿತವಾಗಿತ್ತು. ಅದಕ್ಕೇ 350 ರೂಪಾಯಿ ಹೊಂದಿಸಿಕೊಂಡು ಬಂದಿದ್ದರು.

ಹಸಿರು ಗುಂಡಿ ಒತ್ತಿ ಮಗಳಿಗೆ ಹಚ್ಚಿ ಕೊಟ್ಟೆ. ಆ ಕಡೆಯ ಮಾತು ನನಗೂ ಕೇಳಿಸುವಷ್ಟು ಜೋರಿತ್ತು. “ಅಮ್ಮಾ! ಬಾಗಿನ ಹಬ್ಬದ ಹಿಂದಿನ ದಿನವೇ ಬಂತು, ಅದನ್ನ ಹೇಳೋಣ ಅಂತ ಮಾಡ್ತಾನೇ ಇದೀನಿ. ನಾನು ಹಬ್ಬಕ್ಕೆ ಬರಲಿಲ್ಲ ಅಂತ ಸಿಟ್ಟಾ?” ಪಟ್ಟಿಯಲ್ಲಿದ್ದ ಆ ಇನ್ನೊಂದು ನಂಬರು ಮೊಮ್ಮಗನ ಹಾಸ್ಟೆಲಿನದು. ನಾಳೆ ಅವನನ್ನು ಊರಿಗೆ ಕಳಿಸುವುದು ಅಂತ ತೀರ್ಮಾನವೇ ಆಗಿತ್ತಂತೆ.

ಅವರು ಮಾತಾಡಿ ಮುಗಿಸಿದ ಮೇಲೆ ಫೋನಿನ ಕೆಲಸ ಮಾಡಿದೆ. ಭಾಷೆಯನ್ನು ಕನ್ನಡಕ್ಕೆ ಬದಲಿಸಿದೆ. ಹಳೇ ಕೀಪ್ಯಾಡ್ ಫೋನುಗಳಲ್ಲೂ ಎಷ್ಟೋ ಮಾದರಿಗಳಲ್ಲಿ ಕನ್ನಡ ಇರುತ್ತದೆ, ಹುಡುಕಿ ಹಾಕಿಕೊಡುವವರಿಲ್ಲ. ಕೀಪ್ಯಾಡ್ ಲಾಕ್ ವಾಪಸು ಹಾಕಿದೆ. ಅದನ್ನು ತೆಗೆಯುವುದು ಕಷ್ಟವಾಗಬಾರದಲ್ಲ, ಅದಕ್ಕೆ ಪಕ್ಕದ ಫ್ಯಾನ್ಸಿ ಅಂಗಡಿಯಿಂದ ಉಗುರುಬಣ್ಣ ತಂದು ಎಡಗುಂಡಿಯ ಮೇಲೊಂದು, * ಮೇಲೊಂದು ದಪ್ಪ ಹನಿ ಇಟ್ಟೆ. ಒಣಗಿದರೆ ಬೆರಳಿಗೆ ಉಬ್ಬು ಸಿಗುತ್ತದೆ. 5ರ ಗುಂಡಿಯ ಮೇಲೆ ಇಂಥದೇ ಒಂದು ಉಬ್ಬು ಮೊದಲಿಂದಲೂ ಇರುತ್ತದೆ, ಮನೆಗೆ ಹೋಗಿ ಮುಟ್ಟಿ ನೋಡಿ. ಕತ್ತಲಲ್ಲೂ ಬೆರಳಿಗೆ ದಾರಿ ಸಿಗಲಿ ಅಂತ ಇಟ್ಟದ್ದು ಅದು. ಅಜ್ಜಿ ಕಣ್ಣು ಮುಚ್ಚಿಕೊಂಡೇ ಹತ್ತು ಸಲ ಲಾಕ್ ತೆಗೆದರು. ಮೂರನೇ ಸಲದ ನಂತರ ಒಮ್ಮೆಯೂ ತಪ್ಪಲಿಲ್ಲ.

ನಿಮ್ಮ ಮನೆಯಲ್ಲಿ ದೊಡ್ಡ ಪರದೆಯ ಫೋನ್ ಇದ್ದರೆ ದಾರಿ ಬೇರೆ, ತೊಂದರೆ ಅದೇ. ಅದರಲ್ಲಿ ರಿಂಗಿನ ಸದ್ದಿಗೊಂದು ಅಳತೆ, ವಿಡಿಯೋ ಸದ್ದಿಗೊಂದು ಅಳತೆ, ಅಲಾರಮ್ಮಿಗೊಂದು ಅಳತೆ. ಅದಕ್ಕೇ ಭಜನೆ ಜೋರಾಗಿ ಕೇಳಿಸುತ್ತಿದ್ದರೂ ಫೋನ್ ಬಂದಾಗ ಸದ್ದಿರುವುದಿಲ್ಲ. ಪಕ್ಕದ ಗುಂಡಿ ಒತ್ತಿದರೆ ಪರದೆಯ ಮೇಲೊಂದು ಪಟ್ಟಿ ಬರುತ್ತದಲ್ಲ, ಅಲ್ಲಿ ಗಂಟೆಯ ಚಿತ್ರಕ್ಕೆ ಅಡ್ಡಗೆರೆ ಇದೆಯಾ ಅಂತ ನೋಡಿ. ಅದು ಸರಿ ಇದ್ದರೆ Do Not Disturb ಅನ್ನುವುದು ಆನ್ ಆಗಿದೆಯಾ ನೋಡಿ. ಅದನ್ನು ರಾತ್ರಿ ಇಂತಿಷ್ಟು ಹೊತ್ತಿಗೆ ತಾನೇ ಶುರುವಾಗುವ ಹಾಗೆ ಇಟ್ಟುಬಿಟ್ಟಿರುತ್ತಾರೆ.

ಅಲಾರಮ್ಮೂ ಇಲ್ಲ, ಹಾಡೂ ಇಲ್ಲ ಅಂದರೆ ಅದು ಬೇರೆ ಮಾತು. ಸ್ಪೀಕರಿನ ಜಾಲರಿಯಲ್ಲಿ ಧೂಳು ಕೂತಿರಬಹುದು. ಅಲಾರಂ ಕೂಗಿಯೂ ಹಾಡು ಮಾತ್ರ ಕೇಳಿಸದಿದ್ದರೆ, ಮಳೆಗಾಲದಲ್ಲಿ ಇಯರ್‌ಫೋನ್ ಚುಚ್ಚುವ ತೂತಿಗೆ ತೇವ ಹೋಗಿ, ಇಯರ್‌ಫೋನ್ ಹಾಕಿದ್ದಾರೆ ಅಂತ ಫೋನು ಮೋಸ ಹೋಗಿರಬಹುದು. ಆಗ ಪರದೆಯ ಮೇಲೆ ಇಯರ್‌ಫೋನಿನ ಚಿತ್ರ ಕಾಣಿಸುತ್ತದೆ. ಅಂಥದ್ದನ್ನು ಅಂಗಡಿಗೆ ತನ್ನಿ.

ಅಜ್ಜಿ ದುಡ್ಡು ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಎರಡು ಹೋಳು ಅಡಿಕೆ ಗಾಜಿನ ಮೇಲಿಟ್ಟು, ಸುಣ್ಣದ ಡಬ್ಬಿಯನ್ನು ಬೇರೆ ಜೇಬಿಗೆ ಸೇರಿಸಿ, ಕೊಡೆ ಬಿಡಿಸಿಕೊಂಡು ಹೊರಟರು. ಬಸ್ಸು ನಿಲ್ಲುವ ಜಾಗ ನನ್ನ ಅಂಗಡಿ ಬಾಗಿಲಿಗೆ ಕಾಣುತ್ತದೆ. ಅವರು ಅಲ್ಲಿ ಹೋಗಿ ನಿಂತದ್ದು ನೋಡಿ, ಮನಸ್ಸು ತಡೆಯದೆ ಇನ್ನೊಂದು ಸಲ ಹಚ್ಚಿದೆ.

ಕೊಡೆ ಒಂದು ಕಡೆ ವಾಲಿತು. ಕೈ ಸೊಂಟಕ್ಕೆ ಹೋಯಿತು.

“ಯಾರು?”

“ನಾನೇ ಅಜ್ಜಿ, ಅಂಗಡಿಯವನು. ಹೊಡ್ಕೊಳ್ತದಾ ಅಂತ ನೋಡಿದೆ.”

“ಹೊಡ್ಕೊಳ್ತು ಕಣಪ್ಪಾ, ಚೆನ್ನಾಗಿ ಹೊಡ್ಕೊಳ್ತು. ಬಸ್ಸು ಬಂತು, ಇಡ್ತೀನಿ.”