ಕುದುರೆಗೆ ಹೆದರಿದ ಹುಡುಗ: ಒಂದೇ ಟಿಪ್ಪಣಿ, ಮೂರು ಓದು

ಕೇಳುಗರಿಗೆ ನಮಸ್ಕಾರ. ಮನೋವಿಜ್ಞಾನದ ಮೊದಲ ವರ್ಷದಲ್ಲಿರುವ ವಿದ್ಯಾರ್ಥಿಗಳಿಗಾಗಿ ಇವತ್ತಿನ ಮಾತು. ಮನೋವಿಶ್ಲೇಷಣೆಯಿಂದ ಹುಟ್ಟಿದ ಸೈಕೋಡೈನಾಮಿಕ್ ದೃಷ್ಟಿ, ವರ್ತನಾವಾದ, ಮಾನವತಾವಾದ ಎಂದು ಮೂರು ಕಾಲಂ ಎಳೆದು ಉರು ಹೊಡೆದರೆ ಪರೀಕ್ಷೆಯೇನೋ ಮುಗಿಯುತ್ತದೆ. ಆದರೆ ಈ ಮೂವರೂ ಜಗಳವಾಡುವುದು ಯಾವುದರ ಬಗ್ಗೆ ಎಂಬುದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಒಬ್ಬ ಹುಡುಗನ ಕಥೆ ಸಾಕು.

1908ರ ವಿಯೆನ್ನಾ. ಐದು ವರ್ಷದ ಹುಡುಗನೊಬ್ಬ ಬೀದಿಗಿಳಿಯಲು ಒಲ್ಲೆ ಎನ್ನುತ್ತಾನೆ. ಕುದುರೆ ಕಚ್ಚುತ್ತದೆ ಎಂಬ ಭಯ. ಭಾರ ಎಳೆಯುವ ಕುದುರೆ ಬಿದ್ದುಬಿಟ್ಟರೆ ಎಂಬ ಭಯವೂ ಇದೆ. ಅವನ ತಂದೆ, ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಅವರ ಅನುಯಾಯಿ. ಮಗ ಆಡಿದ್ದನ್ನೆಲ್ಲ ಬರೆದು ಅವರಿಗೆ ಕಳಿಸುತ್ತಿದ್ದ. ತಂದೆಯೇ ನಡೆಸಿದ ಚಿಕಿತ್ಸೆಯ ನಡುವೆ ಫ್ರಾಯ್ಡ್ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದ್ದು ಒಂದೇ ಸಲ. 1909ರಲ್ಲಿ ಪ್ರಕಟವಾದ ಈ ಪ್ರಕರಣಕ್ಕೆ 'ಪುಟ್ಟ ಹಾನ್ಸ್' ಎಂಬ ಹೆಸರು ಬಿತ್ತು.

ಫ್ರಾಯ್ಡ್ ಹೀಗೆ ಓದಿದರು: ಹುಡುಗನಿಗೆ ತಾಯಿಯ ಮೇಲೆ ಅತಿಯಾದ ಆಸೆ, ತಂದೆ ಅವನ ಪ್ರತಿಸ್ಪರ್ಧಿ. ತಂದೆ ಶಿಕ್ಷಿಸುತ್ತಾನೆಂಬ ದಿಗಿಲು ಬೇರೆ. ಪ್ರೀತಿಸುವ ತಂದೆಗೇ ಹೆದರುತ್ತಾ ಒಂದೇ ಮನೆಯಲ್ಲಿ ಬಾಳುವುದು ಕಷ್ಟ. ಹಾಗಾಗಿ ಮನಸ್ಸು, ತನಗೇ ಅರಿವಿಲ್ಲದೆ, ಆ ಭಯವನ್ನು ಕುದುರೆಯ ಮೇಲೆ ಹೊರಿಸಿತು. ಕುದುರೆಯ ಬಾಯಿಯ ಸುತ್ತಲಿನ ಕಪ್ಪು ತಂದೆಯ ಮೀಸೆಯಾಯಿತು, ಕಣ್ಣಿನ ಪಟ್ಟಿ ಕನ್ನಡಕವಾಯಿತು. ಕುದುರೆಯಾದರೆ ಬೀದಿಯಲ್ಲಿರುತ್ತದೆ, ಮನೆಯಲ್ಲಿದ್ದು ತಪ್ಪಿಸಿಕೊಳ್ಳಬಹುದು. ಈ ಓದಿನಲ್ಲಿ ಭಯ ಬರೀ ಲಕ್ಷಣ, ಕಾಯಿಲೆ ಒಳಗಿದೆ.

ಇನ್ನು ವರ್ತನಾವಾದಿಗಳು. 1960ರಲ್ಲಿ ಜೋಸೆಫ್ ವೋಲ್ಪ್ ಮತ್ತು ಸ್ಟ್ಯಾನ್ಲಿ ರಾಕ್ಮನ್ ಅದೇ ಟಿಪ್ಪಣಿಗಳನ್ನು ಕೈಗೆತ್ತಿಕೊಂಡು ಬೇರೆಯೇ ಸಾಲಿನ ಕೆಳಗೆ ಗೆರೆ ಎಳೆದರು. ಗಾಡಿ ಎಳೆಯುತ್ತಿದ್ದ ಕುದುರೆಯೊಂದು ಕಣ್ಣೆದುರೇ ಬಿದ್ದಿತ್ತು, ಈ ಭಯ ತನಗೆ ಅಂಟಿದ್ದೇ ಆಗ ಎಂದು ಹುಡುಗ ತಾನೇ ಹೇಳಿದ್ದ. ತಾಯಿಯೂ ಆ ಘಟನೆಯನ್ನು ನೆನಪಿಸಿಕೊಂಡಿದ್ದಳು. ಭಯ ಆ ಅನುಭವದಿಂದ ಕಲಿತದ್ದು, ಇಷ್ಟಿರುವಾಗ ಮೀಸೆ, ಕನ್ನಡಕ ಯಾಕೆ ಬೇಕು ಎಂಬುದು ಅವರ ವಾದ. ಈ ವಾದಕ್ಕೆ ಪ್ರಯೋಗದ ಬಲವೂ ಇತ್ತು. 1920ರಲ್ಲಿ ಜಾನ್ ವಾಟ್ಸನ್ ಮತ್ತು ರೋಸಲಿ ರೇನರ್ ಒಂದು ಕೂಸಿಗೆ ಬಿಳಿ ಇಲಿ ತೋರಿಸಿ, ಅದೇ ಹೊತ್ತಿಗೆ ಬೆನ್ನ ಹಿಂದೆ ಉಕ್ಕಿನ ಸಲಾಕೆಗೆ ಸುತ್ತಿಗೆಯಿಂದ ಬಡಿದರು. ಕೆಲವೇ ಸಲದ ನಂತರ ಇಲಿ ಕಂಡರೆ ಸಾಕು ಕೂಸು ಅಳತೊಡಗಿತು, ಮೊಲವನ್ನು ಕಂಡರೂ ಹೆದರಿತು. ಆ ಭಯವನ್ನು ಬಿಡಿಸದೆಯೇ ಮಗುವನ್ನು ಕಳಿಸಿಬಿಟ್ಟರು. ಇಂದು ಯಾವ ನೈತಿಕ ಸಮಿತಿಯೂ ಒಪ್ಪದ ಕೆಲಸ ಅದು. ಭಯ ಬಿಡಿಸುವ ದಾರಿ ತೋರಿಸಿದ್ದು 1924ರಲ್ಲಿ ಮೇರಿ ಕವರ್ ಜೋನ್ಸ್. ಮೊಲಕ್ಕೆ ಹೆದರುತ್ತಿದ್ದ ಹುಡುಗನಿಗೆ ಇಷ್ಟದ ತಿಂಡಿ ಕೊಟ್ಟು, ಅವನು ತಿನ್ನುತ್ತಿರುವಾಗ ಪಂಜರದ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು.

ವರ್ತನಾವಾದಿಗಳ ಓದು ಸರಳ, ಪರೀಕ್ಷಿಸಿ ನೋಡಬಹುದಾದದ್ದು. ನನ್ನ ಒಲವೂ ಈ ವಿಷಯದಲ್ಲಿ ಅವರ ಕಡೆಗೇ. ಫ್ರಾಯ್ಡ್ ಅವರ ಓದಿನ ತೊಡಕು ಇಲ್ಲೇ ಕಾಣುತ್ತದೆ: ಹುಡುಗ ಹೌದೆಂದರೆ ಸಾಕ್ಷಿ ಸಿಕ್ಕಿತು, ಅಲ್ಲವೆಂದರೆ ಅದು ಅದುಮಿಟ್ಟ ಆಸೆ. ಹುಡುಗನಿಗೆ ತಾನಾಗಿ ಹೇಳಲಾಗದ ಅನೇಕ ಸಂಗತಿಗಳನ್ನು ನಾವೇ ಹೇಳಿಕೊಡಬೇಕಾಯಿತು ಎಂದು ಫ್ರಾಯ್ಡ್ ಅವರೇ ಒಪ್ಪಿದ್ದಾರೆ. ಹಾಗೆಂದು ವರ್ತನಾವಾದದಲ್ಲಿ ಬಿರುಕಿಲ್ಲವೆಂದಲ್ಲ. ಬಿದ್ದ ಕುದುರೆಯನ್ನು ನೋಡಿದ ಎಲ್ಲ ಮಕ್ಕಳೂ ಮನೆ ಸೇರಿ ಕೂರಲಿಲ್ಲವಲ್ಲ. ಈ ಹುಡುಗನೇ ಯಾಕೆ?

ಮಾನವತಾವಾದಿಗಳು ಈ ಪ್ರಕರಣದ ಮೇಲೆ ಹೆಸರಾದ ವಾದವನ್ನೇನೂ ಹೂಡಿಲ್ಲ. ಆದರೆ ಅವರಲ್ಲೊಬ್ಬರಾದ ಕಾರ್ಲ್ ರೋಜರ್ಸ್ 1957ರಲ್ಲಿ ಹೇಳಿದ್ದನ್ನು ಇಲ್ಲಿಟ್ಟು ನೋಡಬಹುದು. ವ್ಯಕ್ತಿ ಬದಲಾಗಲು ಎದುರಿಗಿರುವವರಲ್ಲಿ ಷರತ್ತಿಲ್ಲದ ಸ್ವೀಕಾರ, ಅವನ ಕಣ್ಣಿಂದ ನೋಡುವ ಅನುಭೂತಿ, ತೋರಿಕೆಯಿಲ್ಲದ ನಡೆ ಇರಬೇಕು ಎಂದರು ಅವರು. ಹಾಗೆ ಓದಿದರೆ ಕಣ್ಣಿಗೆ ಬೀಳುವುದು ಕುದುರೆಯಲ್ಲ, ತಂದೆಯ ಪ್ರಶ್ನೆಗಳು. ಬಿದ್ದ ಕುದುರೆಯ ಮಾತನ್ನು ಹುಡುಗ ಎತ್ತಿದಾಗಲೂ ತಂದೆ ಅದರ ಹಿಂದೆ ತನ್ನನ್ನೇ ಹುಡುಕಿದ. ರೋಜರ್ಸ್ ಶಿಷ್ಯರು ಭಯದ ಕಾರಣ ಹುಡುಕುವ ಆತುರಕ್ಕೆ ಬೀಳದೆ, "ಬೀದಿಗೆ ಹೋದರೆ ನಿನಗೆ ಹೇಗನ್ನಿಸುತ್ತದೆ" ಎಂಬಲ್ಲೇ ನಿಲ್ಲುತ್ತಿದ್ದರು. ಆದರೆ ನಿರ್ದಿಷ್ಟ ವಸ್ತುವಿನ ಫೋಬಿಯಾ ಬಿಡಿಸಲು ಬರೀ ಆಲಿಸುವುದು ಸಾಲದು. ಅಲ್ಲಿ ಇಂದಿಗೂ ಮೊದಲು ಬಳಸುವುದು, ಭಯದ ವಸ್ತುವಿಗೆ ಹಂತಹಂತವಾಗಿ ಎದುರಾಗಿಸುವ ವರ್ತನಾ ವಿಧಾನವನ್ನೇ.

ಹುಡುಗನ ಭಯ ಕೆಲವೇ ತಿಂಗಳಲ್ಲಿ ಹೋಯಿತು. 1922ರಲ್ಲಿ, ಹತ್ತೊಂಬತ್ತರ ಯುವಕನಾಗಿ ಆತ ಫ್ರಾಯ್ಡ್ ಅವರನ್ನು ಕಂಡ. ತನ್ನದೇ ಪ್ರಕರಣ ಓದಿದ್ದ, ಆದರೆ ಅದು ಯಾರದೋ ಕಥೆ ಎನ್ನಿಸಿತ್ತಂತೆ, ಏನೂ ನೆನಪಿರಲಿಲ್ಲ. ಮರೆವು ಚಿಕಿತ್ಸೆಯನ್ನೂ ನುಂಗಿತು ಎಂದು ಫ್ರಾಯ್ಡ್ ಬರೆದರು. ವರ್ತನಾವಾದಿಗೆ ನೆನಪು ಮುಖ್ಯವಲ್ಲ, ಆತ ಬೀದಿಯಲ್ಲಿ ನಿರಾತಂಕವಾಗಿ ಓಡಾಡುತ್ತಾನೆಯೇ ಎಂಬುದಷ್ಟೇ ಮುಖ್ಯ. ಮಾನವತಾವಾದಿಯಾದರೆ, ಆ ಕಥೆ ಮೊದಲಿನಿಂದಲೂ ಅವನ ಬಾಯಲ್ಲಿ ಹುಟ್ಟಿದ್ದಾಗಿತ್ತೇ ಎಂದು ಕೇಳುತ್ತಿದ್ದ.

ನಮಸ್ಕಾರ.