ನಿಂತುಹೋದ ಬಸ್ಸು ಹೋದದ್ದೆಲ್ಲಿಗೆ?

ಎಲ್ಲರಿಗೂ ನಮಸ್ಕಾರ.

ಸಿಲ್ಕ್ ಬೋರ್ಡ್ ಹತ್ತಿರ ನಿಮ್ಮ ಬಸ್ಸು ಕೆಟ್ಟಿತು ಅಂದುಕೊಳ್ಳಿ. ಮನೆಗೆ ಫೋನ್ ಮಾಡಿ ‘ಬಸ್ ನಿಂತುಹೋಯ್ತು’ ಅನ್ನುತ್ತೀರಿ. ಬಸ್ಸು ಒಂದಡಿಯೂ ಕದಲಿಲ್ಲ. ಹಾಗಾದರೆ ಆ ‘ಹೋಯ್ತು’ಗೆ ಅಲ್ಲೇನು ಕೆಲಸ?

ಅದೇ ಬಸ್ಸು ಸ್ಟಾಪಿನಲ್ಲಿ ಜನರನ್ನು ಹತ್ತಿಸಿಕೊಂಡು ಮುಂದೆ ಸಾಗಿದರೆ ಆಗಲೂ ‘ನಿಂತು ಹೋಯ್ತು’ ಅನ್ನಬಹುದು. ಎರಡನ್ನೂ ಬೇರೆ ಮಾಡೋದು ಸುಲಭ. ನಡುವೆ ಒಂದು ಮಾತು ತುರುಕಿ ನೋಡಿ: ‘ನಿಂತು, ಐದು ನಿಮಿಷ ಬಿಟ್ಟು ಹೋಯ್ತು.’ ಈಗ ಬಸ್ಸು ನಿಜವಾಗಿಯೂ ಹೊರಟಿತು. ಕೆಟ್ಟ ಬಸ್ಸಿನ ಅರ್ಥ ಮಾಯವಾಯಿತು. ಆ ಅರ್ಥ ಬರಬೇಕಾದರೆ ‘ಹೋಯ್ತು’ ಹಿಂದಿನ ಕ್ರಿಯಾಪದಕ್ಕೆ ಅಂಟಿಕೊಂಡೇ ಇರಬೇಕು. ಕೆಲಸ ಮುಗಿಯಿತು, ನಮ್ಮ ಕೈಮೀರಿ ಮುಗಿಯಿತು ಅಂತ ಹೇಳುವುದಷ್ಟೇ ಅದಕ್ಕೆ ಉಳಿದಿರುವುದು. ಗಾಜು ಒಡೆದುಹೋಯ್ತು, ಬೀಗದ ಕೈ ಕಳೆದುಹೋಯ್ತು, ಹೆಸರು ಮರೆತುಹೋಯ್ತು, ಎಲ್ಲವೂ ಹೀಗೇ.

ಪೂರ್ತಿ ಅರ್ಥವಿದ್ದ ಪದ ಹೀಗೆ ವ್ಯಾಕರಣದ ಗುರುತಾಗಿ ಬದಲಾಗುವುದಕ್ಕೆ ವ್ಯಾಕರಣೀಕರಣ ಅಂತ ಹೆಸರು. ಫ್ರಾನ್ಸಿನ ಭಾಷಾವಿಜ್ಞಾನಿ ಆಂತ್ವಾನ್ ಮೆಯೆ 1912ರಲ್ಲಿ ಈ ಹೆಸರನ್ನು ಬಳಕೆಗೆ ತಂದರು.

ಇಂಗ್ಲಿಷಿನ ‘ಗೋಯಿಂಗ್ ಟು’ ಎಲ್ಲರಿಗೂ ಗೊತ್ತು. ಅಲ್ಲೂ ‘ಹೋಗು’ ಕ್ರಿಯಾಪದವೇ, ಆದರೆ ಅದು ಮುಂದೆ ಆಗುವುದನ್ನು ಹೇಳುತ್ತದೆ. ನಮ್ಮದು ಮುಗಿದದ್ದನ್ನು ಹೇಳುತ್ತದೆ. ಒಂದೇ ಅರ್ಥದ ಪದ ಎರಡು ದಿಕ್ಕು ಹಿಡಿದದ್ದು ಯಾಕೆ? ಪದವನ್ನಷ್ಟೇ ನೋಡಿದರೆ ಉತ್ತರ ಸಿಗುವುದಿಲ್ಲ, ಅದು ಕೂತಿರುವ ಜಾಗವನ್ನು ನೋಡಬೇಕು. ಇಂಗ್ಲಿಷಿನವರು ‘ಇಂಥದ್ದು ಮಾಡುವುದಕ್ಕೆ ಹೋಗುತ್ತಿದ್ದೇನೆ’ ಅಂದರು. ಹೋಗುವಾಗ ಆ ಕೆಲಸ ಇನ್ನೂ ಆಗಿರುವುದಿಲ್ಲ, ಅಲ್ವಾ? ಕೇಳುವವರಿಗೆ ನಡಿಗೆಗಿಂತ ಮುಂದಿನ ಕೆಲಸವೇ ಮುಖ್ಯವಾಯಿತು. 1482ರ ಒಂದು ಬರಹದಲ್ಲಿ ಪಾಪಿ ಆತ್ಮವೊಂದನ್ನು ನರಕಕ್ಕೆ ಒಯ್ಯುವ ಮಾತು ಬರುತ್ತದೆ. ಅಲ್ಲಿನ ‘ಗೋಯಿಂಗ್ ಟು’ವನ್ನು ದಾರಿಯಲ್ಲಿದೆ ಅಂತಲೂ ಓದಬಹುದು, ಇನ್ನೇನು ಒಯ್ಯುತ್ತಾರೆ ಅಂತಲೂ ಓದಬಹುದು. ಪದ ದಾಟುವುದು ಇಂಥ ಎರಡರ್ಥದ ಜಾಗದಲ್ಲೇ. ಇವತ್ತು ಮಳೆ ಬರುತ್ತದೆ ಅನ್ನುವುದಕ್ಕೂ ಅವರು ಅದನ್ನೇ ಬಳಸುತ್ತಾರೆ. ಮಳೆ ಯಾವ ಉದ್ದೇಶವನ್ನೂ ಇಟ್ಟುಕೊಂಡು ನಡೆಯುವುದಿಲ್ಲವಲ್ಲ.

ನಮ್ಮ ‘ಹೋಗು’ ಕೂತದ್ದು ‘ನಿಂತು’, ‘ಒಡೆದು’ ಇವುಗಳ ನಂತರ. ಇವು ಆಗಲೇ ಮುಗಿದ ಕೆಲಸಗಳು. ಮುಗಿದದ್ದರ ಪಕ್ಕ ಕೂತು ‘ದೂರ ಸರಿಯಿತು’ ಅನ್ನುವ ಪದ ‘ಇನ್ನು ವಾಪಸ್ ಬರಲ್ಲ’ ಅನ್ನುವ ಅರ್ಥಕ್ಕೆ ಬಂತು. ಆದರೆ ಇದಕ್ಕೊಂದು ಮಿತಿ ಇದೆ. ತಾನಾಗಿ ಆಗುವ ಕೆಲಸಗಳಿಗೇ ಇದು ಜಾಸ್ತಿ ಹೊಂದುತ್ತದೆ. ‘ಅವನು ಊಟ ಮಾಡಿ ಹೋದ’ ಅಂದರೆ ಎದ್ದು ಹೊರಟ ಅಂತಲೇ ಅರ್ಥ.

‘ಬಿಡು’ ಇನ್ನೂ ಮುಂದೆ ಹೋಗಿದೆ. ‘ಕಳ್ಳನನ್ನು ಹಿಡಿದುಬಿಟ್ಟರು’ ಅಂದರೆ ಕಳ್ಳ ಕೈಯಲ್ಲೇ ಇದ್ದಾನೆ, ಯಾರೂ ಬಿಟ್ಟಿಲ್ಲ. ‘ಬಿಟ್ಟುಬಿಡು’ ಅನ್ನುವಾಗಲಂತೂ ಒಂದೇ ಪದ ಎರಡು ಸಲ ಬರುತ್ತದೆ. ಮೊದಲನೆಯದರಲ್ಲಿ ಬಿಡುವ ಅರ್ಥ ಇದೆ, ಎರಡನೆಯದು ಬರೀ ಗುರುತು. ಹೊಸ ಕೆಲಸಕ್ಕೆ ಸೇರಿದ ಮೇಲೂ ಹಳೆಯ ಪದ ಸಾಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಗುರುತಾದ ಪದ ಬಾಯಲ್ಲಿ ಸವೆಯುತ್ತದೆ. ಇಂಗ್ಲಿಷಿನಲ್ಲಿ ‘ಗೋಯಿಂಗ್ ಟು’ ಸವೆದು ‘ಗೊನ್ನ’ ಆಯಿತು, ಆದರೆ ಊರಿಗೆ ಹೋಗುವಾಗ ಯಾರೂ ‘ಗೊನ್ನ’ ಅನ್ನುವುದಿಲ್ಲ. ಬೆಂಗಳೂರಿನಲ್ಲಿ ‘ಬಸ್ ಹೋಯ್ತು’ ಅಂತ ಹಕಾರ ಬಿಡದೆ ಹೇಳುವವರೇ ಗಾಜು ‘ಒಡ್ದೋಯ್ತು’ ಅನ್ನುತ್ತಾರೆ. ಹಳೇ ಮೈಸೂರಿನ ಹಳ್ಳಿಗಳ ಕಡೆ ಈ ಪರೀಕ್ಷೆ ನಡೆಯಲ್ಲ. ಅಲ್ಲಿ ಹಕಾರ ಎಲ್ಲ ಕಡೆಯೂ ಬೀಳುತ್ತದೆ, ‘ಬಸ್ ಓಯ್ತು’ ಅಂತಲೇ ಹೇಳುತ್ತಾರೆ.

ಇಂಗ್ಲಿಷ್ ಹಿಡಿದ ದಾರಿ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ‘ಅವನಿಗೆ ಬುದ್ಧಿ ಹೇಳೋಕೆ ಹೋದೆ’ ಅನ್ನುವಾಗ ಎಲ್ಲಿಗೂ ನಡೆದಿರಬೇಕಿಲ್ಲ, ಪ್ರಯತ್ನಪಟ್ಟೆ ಅಷ್ಟೆ. ಪತ್ರಿಕೆಯಲ್ಲಿ ‘ಸರ್ಕಾರ ಹೊಸ ಕಾನೂನು ತರಲು ಹೊರಟಿದೆ’ ಅಂತ ಓದುತ್ತೇವೆ. ‘ಹೊರಡು’ ಇಲ್ಲಿ ಹೆಚ್ಚುಕಡಿಮೆ ‘ಗೋಯಿಂಗ್ ಟು’ ಕೆಲಸವನ್ನೇ ಮಾಡುತ್ತಿದೆ. ಆದರೆ ಹಾಗೆ ಹೊರಡುವವರಿಗೆ ಇನ್ನೂ ಉದ್ದೇಶ ಇರಬೇಕು. ಮೋಡ ಎಷ್ಟೇ ಕಪ್ಪಾದರೂ ‘ಮಳೆ ಬರಲು ಹೊರಟಿದೆ’ ಅಂತ ನಾವು ಹೇಳುವುದಿಲ್ಲ, ‘ಮಳೆ ಬರೋ ಹಾಗಿದೆ’ ಅನ್ನುತ್ತೇವೆ.