ಕಸದ ಗುಡ್ಡೆಗೆ ನೀರು ಹೊಡೆದು ಮನೆಗೆ ಹೋಗುವ ಆಟ ಸಾಕು

ನಮಸ್ಕಾರ.

ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಈ ಆಟ ಹೊಸದೇನಲ್ಲ. ಮಾರ್ಚ್ ಬಂತು, ಊರಾಚೆ ಕಸದ ಗುಡ್ಡೆ ಹೊತ್ತಿಕೊಂಡಿತು. ಅಗ್ನಿಶಾಮಕ ಗಾಡಿ ಬಂದು ಮೇಲಿಂದ ನೀರು ಹೊಡೆಯಿತು. ಬುಸ್ ಅಂತ ಬಿಳಿ ಆವಿ ಎದ್ದಿತು, ಹೊಗೆ ಕಡಿಮೆಯಾಯಿತು, ಫೋಟೋ ತೆಗೆದರು, ಎಲ್ಲರೂ ಹೋದರು. ಎರಡು ಮೂರು ದಿನ ಬಿಟ್ಟು ಹತ್ತಿಪ್ಪತ್ತು ಅಡಿ ಆಚೆ ಇನ್ನೊಂದು ಬಿರುಕಿನಲ್ಲಿ ಮತ್ತೆ ಹೊಗೆ. ಮತ್ತೆ ಗಾಡಿ, ಮತ್ತೆ ನೀರು.

ಇವತ್ತು ನಾನು ಹೇಳಬೇಕಿರುವುದು ಇಷ್ಟೇ. ಆ ಬೆಂಕಿ ಆರಿರಲೇ ಇಲ್ಲ. ಅದು ಒಳಗಿತ್ತು. ಮೇಲಿಂದ ನೀರು ಹೊಡೆದು ಅದನ್ನು ಆರಿಸುವುದು ಆಗದ ಮಾತು. ಅಗೆಯಬೇಕು.

ಮೊದಲು ಒಂದು ಸಮಜಾಯಿಷಿಯನ್ನು ಪಕ್ಕಕ್ಕಿಡೋಣ. "ಬಿಸಿಲು ಜಾಸ್ತಿ ಇತ್ತು, ಮಿಥೇನ್ ಗ್ಯಾಸ್ ತಾನಾಗೇ ಹೊತ್ತಿಕೊಂಡಿತು" ಅಂತ ಪ್ರತಿ ಸಲ ಹೇಳುತ್ತಾರೆ. ಮಿಥೇನ್ ಇರುವುದು ನಿಜ. ಹಸಿ ಕಸ ಗಾಳಿ ಇಲ್ಲದೆ ಹೂತುಹೋದರೆ ಬ್ಯಾಕ್ಟೀರಿಯಾ ಅದನ್ನು ಕೊಳೆಸಿ ಗ್ಯಾಸ್ ಮಾಡುತ್ತವೆ. ಅದರಲ್ಲಿ ಸುಮಾರು ಅರ್ಧ ಮಿಥೇನ್, ಉಳಿದದ್ದು ಹೆಚ್ಚಾಗಿ ಕಾರ್ಬನ್ ಡೈಆಕ್ಸೈಡ್. ಆದರೆ ಮಿಥೇನ್ ಕಿಡಿ ಇಲ್ಲದೆ ತಾನಾಗೇ ಹೊತ್ತಿಕೊಳ್ಳಬೇಕಾದರೆ 500 ಡಿಗ್ರಿಗಿಂತ ಹೆಚ್ಚು ಕಾವು ಬೇಕು. ನಮ್ಮ ವಿಜಯಪುರದ ಬಿಸಿಲು ಎಷ್ಟೇ ಉರಿದರೂ 42, 43. ಇನ್ನೊಂದು ವಿಷಯ. ಮಿಥೇನ್ ಉರಿಯುವುದು ಗಾಳಿಯಲ್ಲಿ ಅದು 5ರಿಂದ 15 ಪರ್ಸೆಂಟ್ ಇದ್ದಾಗ ಮಾತ್ರ. ಗುಡ್ಡೆಯ ಆಳದಲ್ಲಿ ಮಿಥೇನ್ ಜಾಸ್ತಿ, ಗಾಳಿ ಇಲ್ಲ, ಹಾಗಾಗಿ ಉರಿಯಲ್ಲ. ಬಿರುಕು ಇರುವ ಕಡೆ, ಗಾಳಿ ಬೆರೆಯುವ ಕಡೆ ಅದಕ್ಕೆ ಕಿಡಿ ಸಿಕ್ಕರೆ ಉರಿಯುತ್ತದೆ.

ಹಾಗಾದರೆ ಕಿಡಿ ಎಲ್ಲಿಂದ? ಮನೆಯ ಕಸದ ಜೊತೆ ಬಂದ ಬಿಸಿ ಬೂದಿಯಿಂದ. ತಾಮ್ರಕ್ಕಾಗಿ ವೈರ್ ಸುಡುವವರಿಂದ. ಟಿಪ್ಪರ್ ಅಡಿ ಸಿಕ್ಕು ಒಡೆದ ಮೊಬೈಲ್ ಬ್ಯಾಟರಿಯಿಂದ. ಕೆಲವೊಮ್ಮೆ, ಹೇಳೋಕೆ ಬೇಜಾರು, ಗುಡ್ಡೆ ಸಣ್ಣದಾಗಲಿ ಅಂತ ಬೇಕೆಂದೇ ಹಚ್ಚಿದ ಕಡ್ಡಿಯಿಂದ.

ಕಿಡಿಯೇ ಇಲ್ಲದೆ ಹುಟ್ಟುವ ಬೆಂಕಿಯೂ ಇದೆ, ಆದರೆ ಅದರ ದಾರಿ ಬೇರೆ. ಮೇವು ಪೂರ್ತಿ ಒಣಗುವ ಮುಂಚೆ ಬಣವಿ ಒಟ್ಟಿದರೆ ಒಳಗೆ ಕಾವು ಕೂತು ಮೇವು ಕಪ್ಪಾಗುವುದನ್ನು ರೈತರು ನೋಡಿರುತ್ತಾರೆ. ಕಸದ ಗುಡ್ಡೆಯಲ್ಲೂ ಅದೇ ನಡೆಯುತ್ತದೆ. ಬ್ಯಾಕ್ಟೀರಿಯಾ ಕಾವನ್ನು 60, 70 ಡಿಗ್ರಿವರೆಗೆ ಏರಿಸುತ್ತವೆ. ಪಕ್ಕದ ಇಳಿಜಾರಿನಿಂದ ಅಷ್ಟಿಷ್ಟು ಗಾಳಿ ಒಳಗೆ ಹೋಗುತ್ತಾ ಇದ್ದರೆ, ಆ ಕಾವು ಹೊರಗೆ ಹೋಗಲು ದಾರಿ ಇಲ್ಲದೆ ಇನ್ನೂ ಏರುತ್ತದೆ. ಬಟ್ಟೆ, ರಟ್ಟು, ಕಟ್ಟಿಗೆ ಜ್ವಾಲೆ ಇಲ್ಲದೆ ಒಳಗೊಳಗೇ ಸುಡಲು ಶುರುವಾಗುತ್ತದೆ. ಇಂಥ ಬೆಂಕಿಗೆ ಬಹಳ ಕಡಿಮೆ ಆಮ್ಲಜನಕ ಸಾಕು. ತಿಂಗಳುಗಟ್ಟಲೆ ಬದುಕಿರುತ್ತದೆ. ಅಂದರೆ ಆಳದಲ್ಲಿ ಸುಡುತ್ತಿರುವುದು ಗ್ಯಾಸ್ ಅಲ್ಲ, ಕಸವೇ.

ಈಗ ಒಂದು ಲೆಕ್ಕ ಹಾಕೋಣ. ದೊಡ್ಡದೇನಲ್ಲ.

20 ಮೀಟರ್ ಉದ್ದ, 20 ಮೀಟರ್ ಅಗಲ, 3 ಮೀಟರ್ ಆಳದಷ್ಟು ಕಸ ಒಳಗೆ ಸುಡುತ್ತಿದೆ ಅಂತಿಟ್ಟುಕೊಳ್ಳಿ. 5,000 ಲೀಟರ್ ನೀರಿನ ಗಾಡಿ ಬಂದು ಪೂರ್ತಿ ಖಾಲಿ ಮಾಡಿತು. ಆ ಜಾಗದ ಮೇಲೆ ಅದು ಎಷ್ಟಾಯಿತು? ಹನ್ನೆರಡೂವರೆ ಮಿಲಿಮೀಟರ್. ಒಂದು ಸಾಧಾರಣ ಮಳೆಯಷ್ಟು. ಅದೂ ಪೂರ್ತಿ ಒಳಗೆ ಇಳಿಯಲ್ಲ. ಕಸದ ಗುಡ್ಡೆ ಅಂದರೆ ಪ್ಲಾಸ್ಟಿಕ್ ಹಾಳೆಗಳ ಪದರ. ನೀರು ಅದರ ಮೇಲೆ ಜಾರಿ, ಸಂದಿ ಸಿಕ್ಕ ಕಡೆ ಮಾತ್ರ ಇಳಿದು, ಸುಡುವ ಜಾಗವನ್ನು ಮುಟ್ಟದೆ ಪಕ್ಕದಲ್ಲೇ ಹೊರಟುಹೋಗುತ್ತದೆ. ಹತ್ತು ಗಾಡಿ ಹೊಡೆದರೂ ಅದೇ ದಾರಿ. ಗುಡ್ಡೆಯ ಬುಡದಲ್ಲಿ ಕಪ್ಪು ನೀರು ಹರಿಯುತ್ತದಲ್ಲ, ಅದು ನೇರ ಅಕ್ಕಪಕ್ಕದ ಬಾವಿ, ಬೋರ್‌ವೆಲ್‌ಗಳ ಕಡೆಗೆ ಹೋಗುತ್ತದೆ. ಬೆಂಕಿಯೂ ಆರಲಿಲ್ಲ, ಬಾವಿಯೂ ಕೆಟ್ಟಿತು.

ಈಗ ಅಗೆಯುವ ಲೆಕ್ಕ. ಆ ಜಾಗದಲ್ಲಿ 1,200 ಘನ ಮೀಟರ್ ಕಸ ಇದೆ. ಹಿಟಾಚಿಯಿಂದ ಅದನ್ನು ತೆಗೆದು ಪಕ್ಕದ ಖಾಲಿ ನೆಲದಲ್ಲಿ ಒಂದು ಅಡಿ ದಪ್ಪಕ್ಕೆ ಹರಡಬೇಕು. ಒಂದೇ ಸಲ ಹರಡಿದರೆ ಒಂದು ಎಕರೆ ಬೇಕು. ಅಷ್ಟು ಜಾಗ ಯಾರ ಹತ್ತಿರವೂ ಇರಲ್ಲ. ಹಾಗಾಗಿ ದಿನಕ್ಕೆ 200 ಘನ ಮೀಟರ್ ತೆಗೆಯಿರಿ. ಆರು ಏಳು ಗುಂಟೆ ಸಾಕು. ಹರಡಿದ ಮೇಲೆ ನೀರು ಹೊಡೆಯಿರಿ. ಅದೇ ಗಾಡಿ, ಅದೇ ನೀರು, ಆದರೆ ಈಗ ಒಂದು ಅಡಿ ದಪ್ಪದ ಕಸದ ಮೂಲೆಮೂಲೆಗೂ ಮುಟ್ಟುತ್ತದೆ. ತಣ್ಣಗಾಗಲು ಬಿಡಿ. ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿ ನೋಡಿ, ಗೊಬ್ಬರದ ಗುಂಡಿಗೆ ಬಳಸುತ್ತಾರಲ್ಲ, ಅಂಥದ್ದು. ಕಾವು 50 ಡಿಗ್ರಿಗಿಂತ ಕೆಳಗೆ ಇಳಿದು, ಮರುದಿನವೂ ಏರದಿದ್ದರೆ ಅದನ್ನು ಬೇರೆ ಕಡೆ ಒಟ್ಟಿ. ಆ ಮೇಲೆ ಮುಂದಿನ 200. ಎಲ್ಲ ಸರಿಯಾಗಿ ನಡೆದರೆ ಒಂದು ವಾರ, ಹತ್ತು ದಿನದ ಕೆಲಸ.

ಇದರಲ್ಲಿ ಅಪಾಯ ಇಲ್ಲ ಅಂತಲ್ಲ. ಒಳಗೆ ಸುಟ್ಟು ಟೊಳ್ಳಾದ ಜಾಗದ ಮೇಲೆ ಮಷಿನ್ ಹೋದರೆ ನೆಲವೇ ಕುಸಿಯಬಹುದು. ಮುಚ್ಚಿದ್ದ ಬೆಂಕಿಗೆ ಒಮ್ಮೆಲೇ ಗಾಳಿ ಸಿಕ್ಕರೆ ಭಗ್ಗನೆ ಎದ್ದೇಳುತ್ತದೆ. ಆದ್ದರಿಂದ ಅಂಚಿನಿಂದ ಶುರು ಮಾಡಬೇಕು, ಸ್ವಲ್ಪ ಸ್ವಲ್ಪ ತೆರೆಯಬೇಕು, ನೀರು ಮತ್ತು ಮಣ್ಣು ಪಕ್ಕದಲ್ಲೇ ತಯಾರಿರಬೇಕು. ಅಗೆಯುವ ದಿನಗಳಲ್ಲಿ ಹೊಗೆ ಜಾಸ್ತಿಯೇ ಆಗುತ್ತದೆ. ಇದನ್ನು ಊರಿನವರಿಗೆ ಮುಂಚೆಯೇ ಹೇಳಬೇಕು.

ಕೊಚ್ಚಿಯ ಬ್ರಹ್ಮಪುರಂನಲ್ಲಿ ಆದದ್ದು ಇದೇ. 2023ರ ಮಾರ್ಚ್ 2ರಂದು ಬೆಂಕಿ ಹತ್ತಿತು. ಹೆಲಿಕಾಪ್ಟರ್‌ನಿಂದ ನೀರು ಸುರಿದರು, ಟಿವಿಯಲ್ಲಿ ಚೆನ್ನಾಗಿ ಕಂಡಿತು. ಬೆಂಕಿ ಮಾತ್ರ ಆರಲಿಲ್ಲ. ಕೊನೆಗೆ ಹಿಟಾಚಿಗಳನ್ನು ಇಳಿಸಿ, ಹಗಲು ರಾತ್ರಿ ಕಸ ಅಗೆದು, ಪಕ್ಕದ ಕಡಂಬ್ರಯಾರ್ ನದಿಯಿಂದ ನೀರು ಪಂಪ್ ಮಾಡಿ ಒಳಗೆ ಬಿಟ್ಟ ಮೇಲೆ, ಮಾರ್ಚ್ 13ಕ್ಕೆ ಹತೋಟಿಗೆ ಬಂತು. ಅದೇ ತಿಂಗಳ ಕೊನೆಗೆ ಒಂದು ಭಾಗದಲ್ಲಿ ಮತ್ತೆ ಹೊಗೆ ಎದ್ದಿತು. ಹಸಿರು ನ್ಯಾಯಮಂಡಳಿ ಅಲ್ಲಿನ ಪಾಲಿಕೆಗೆ 100 ಕೋಟಿ ರೂಪಾಯಿ ದಂಡ ಹಾಕಿತು. ಆ ದುಡ್ಡಿನಲ್ಲಿ ಎಷ್ಟು ಟಿಪ್ಪರ್ ಮಣ್ಣು ಬರುತ್ತಿತ್ತು ಅಂತ ಯೋಚನೆ ಮಾಡಿ.

ಯಾಕೆ ಮಣ್ಣಿನ ಮಾತು? ಯಾಕೆಂದರೆ ಬೆಂಕಿ ಬೀಳದಂತೆ ತಡೆಯುವುದು ಮಣ್ಣೇ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಿದ್ದರು: ಭೂಭರ್ತಿ ಜಾಗದಲ್ಲಿ ಆಯಾ ದಿನದ ಕಸವನ್ನು ಆ ದಿನವೇ ಕನಿಷ್ಠ 10 ಸೆಂಟಿಮೀಟರ್ ಮಣ್ಣು ಅಥವಾ ಕಟ್ಟಡ ಒಡೆದ ಪುಡಿಯಿಂದ ಮುಚ್ಚಬೇಕು. ದಿನದ ಕಸ ಎರಡು ಗುಂಟೆಯಷ್ಟು ಹರಡಿಕೊಂಡರೆ ಅದಕ್ಕೆ ಬೇಕಾಗುವುದು ಸುಮಾರು ಏಳು ಬ್ರಾಸ್. ಮೂರು ನಾಲ್ಕು ಟಿಪ್ಪರ್, ಅಷ್ಟೇ.

ಇಲ್ಲಿ ನಮ್ಮ ಕಡೆಯದೇ ಒಂದು ತೊಂದರೆ ಇದೆ. ನಮ್ಮಲ್ಲಿ ಸುಲಭವಾಗಿ ಸಿಗುವುದು ಎರೆ ಮಣ್ಣು. ಏಪ್ರಿಲ್‌ನಲ್ಲಿ ಎರೆ ಹೊಲ ಹೇಗೆ ಬಾಯಿ ಬಿಡುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ, ಕೈ ಹೋಗುವಷ್ಟು ಬಿರುಕು. ಅದೇ ಮಣ್ಣನ್ನು ಕಸದ ಮೇಲೆ ತೆಳ್ಳಗೆ ಹಾಕಿದರೆ, ಬೆಂಕಿಯ ಕಾಲ ಶುರುವಾಗುವ ಹೊತ್ತಿಗೆ ಸರಿಯಾಗಿ ಅದು ಒಡೆದು ಗಾಳಿಗೆ ಬಾಗಿಲು ತೆರೆಯುತ್ತದೆ. ಆದ್ದರಿಂದ ಗರಸು ತರಬೇಕು. ಇಲ್ಲವೇ ಎರೆಗೆ ಗರಸು, ಕಟ್ಟಡದ ಪುಡಿ ಬೆರೆಸಿ, ರೋಲರ್ ಹೊಡೆದು ಬಿಗಿ ಮಾಡಬೇಕು. ಮೇಲ್ಭಾಗ ಮಾತ್ರ ಮುಚ್ಚಿ ಇಳಿಜಾರನ್ನು ಹಾಗೇ ಬಿಡುವುದು ದೊಡ್ಡ ತಪ್ಪು. ಗಾಳಿ ಒಳಗೆ ಹೋಗುವುದೇ ಆ ಪಕ್ಕದಿಂದ. ಟೆಂಡರ್‌ನಲ್ಲಿ ಸುಮ್ನೆ "ಮಣ್ಣು" ಅಂತ ಬರೆದರೆ ಸಾಲದು, ಯಾವ ಮಣ್ಣು ಅಂತ ಬರೆಯಬೇಕು ಅನ್ನುವುದು ನನ್ನ ವಾದ.

ಒಳಗೆ ಬೆಂಕಿ ಇದೆ ಅಂತ ತಿಳಿಯುವುದು ಹೇಗೆ? ಬೆಳಗಿನ ಜಾವ ತಂಪಿದ್ದಾಗ ನೋಡಿ. ಒಂದೇ ಜಾಗದಲ್ಲಿ ಆವಿ ಏಳುತ್ತಿರುತ್ತದೆ. ಕೊಳೆತ ವಾಸನೆ ಹೋಗಿ ಸುಟ್ಟ ವಾಸನೆ ಬರುತ್ತದೆ. ಬಿರುಕಿನ ಅಂಚಿನಲ್ಲಿ ಡಾಂಬರಿನಂಥ ಕಪ್ಪು ಜಿಡ್ಡು. ಸುತ್ತ ಸಮ ಇದ್ದು ಒಂದು ಕಡೆ ಮಾತ್ರ ನೆಲ ತಗ್ಗಾಗಿರುತ್ತದೆ. ಖಾತ್ರಿ ಬೇಕಿದ್ದರೆ ಕೊಳವೆ ಇಳಿಸಿ ಒಳಗಿನ ಗ್ಯಾಸ್ ಪರೀಕ್ಷೆ ಮಾಡಬೇಕು. ಕಾರ್ಬನ್ ಮೊನಾಕ್ಸೈಡ್ ಸಾವಿರ ಪಿಪಿಎಂ ದಾಟಿದರೆ ಒಳಗೆ ಬೆಂಕಿ ಇದೆ ಅಂತಲೇ ಲೆಕ್ಕ. ಇವೆಲ್ಲ ಗಾಬರಿಪಡುವ ಖರ್ಚಲ್ಲ.

ಇನ್ನು ಹೊಗೆಯ ಪಕ್ಕದಲ್ಲಿ ಬದುಕುವವರ ವಿಷಯ. "ಗಾಳಿಯ ಗುಣಮಟ್ಟ ಚೆನ್ನಾಗೇ ಇದೆ" ಅಂತ ಆ್ಯಪ್ ತೋರಿಸುತ್ತದೆ. ವಿಜಯಪುರದ ಇಬ್ರಾಹಿಂಪುರದಲ್ಲಿ ಒಂದು ಅಳತೆ ಕೇಂದ್ರ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು. ಗುಡ್ಡೆಯ ಹೊಗೆ ಬೇರೆ ದಿಕ್ಕಿಗೆ ಹೋಗುತ್ತಿದ್ದರೆ ಆ ಯಂತ್ರಕ್ಕೆ ಗೊತ್ತೇ ಆಗಲ್ಲ. ನಿಮ್ಮ ಮೂಗು ಹೇಳುವುದನ್ನು ನಂಬಿ.

ಮಧ್ಯಾಹ್ನ ನೆಲ ಕಾದು ಹೊಗೆ ಮೇಲೆ ಹೋಗುತ್ತದೆ. ಸಂಜೆ ನೆಲ ತಣ್ಣಗಾದ ಮೇಲೆ ಅದು ಕೆಳಗೇ ಹರಡಿಕೊಂಡು ಮನೆಗಳ ಮಟ್ಟದಲ್ಲೇ ನಿಲ್ಲುತ್ತದೆ. ರಾತ್ರಿಯಿಂದ ಬೆಳಗಿನವರೆಗೆ ಕಷ್ಟ ಜಾಸ್ತಿ ಇರುವುದು ಅದಕ್ಕೇ. ಸಂಜೆ ಕಿಟಕಿ ಮುಚ್ಚಿ, ಬಿಸಿಲೇರಿ ಹೊಗೆ ಸರಿದ ಮೇಲೆ ತೆರೆಯಿರಿ. ನಮ್ಮಲ್ಲಿ ಯಾರೂ ಹೇಳದ ಒಂದು ಮಾತು: ಕಿಟಕಿಗೆ ಕೂರಿಸಿದ ಏರ್ ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಒಳಗೆ ತಳ್ಳುತ್ತದೆ. ಒದ್ದೆ ಹುಲ್ಲಿನ ಪ್ಯಾಡ್ ಹೊಗೆಯ ಸಣ್ಣ ಕಣಗಳನ್ನು ಸರಿಯಾಗಿ ತಡೆಯಲ್ಲ. ಬಾಗಿಲು, ಕಿಟಕಿ ಎಲ್ಲಾ ಮುಚ್ಚಿ ಕೂಲರ್ ಹಾಕಿ ಮಲಗಿದವರು ರಾತ್ರಿಯಿಡೀ ಹೊಗೆಯನ್ನೇ ಕುಡಿಯುತ್ತಿರುತ್ತಾರೆ. ಹೊಗೆ ಇರುವ ರಾತ್ರಿ ಫ್ಯಾನ್ ಸಾಕು. ಆದರೆ ಸೆಕೆಯಲ್ಲಿ ಕೂಲರ್ ಇಲ್ಲದೆ ವಯಸ್ಸಾದವರು, ಕೂಸುಗಳು ತಾಳಲಾರರು. ಅವರನ್ನು, ಬಸುರಿಯರನ್ನು, ಉಬ್ಬಸ ಇದ್ದವರನ್ನು ಹೊಗೆ ಹೋಗದ ದಿಕ್ಕಿನ ಓಣಿಯ ನೆಂಟರ ಮನೆಗೆ ಕಳಿಸುವುದೇ ಸರಿ. ಒದ್ದೆ ಟವೆಲ್ ಕಟ್ಟಿಕೊಂಡರೆ ಹೆಚ್ಚು ಉಪಯೋಗವಿಲ್ಲ. ಮುಖಕ್ಕೆ ಬಿಗಿಯಾಗಿ ಕೂತ ಎನ್95 ಮಾಸ್ಕ್ ಕಣಗಳನ್ನು ತಡೆಯುತ್ತದೆ, ವಿಷದ ಗ್ಯಾಸ್ ತಡೆಯಲ್ಲ. ಅದು ಮೊದಲು ಸಿಗಬೇಕಾದದ್ದು ಗುಡ್ಡೆಯ ಮೇಲೆ ನಿಂತ ಪೌರಕಾರ್ಮಿಕರಿಗೆ, ಚಿಂದಿ ಆಯುವವರಿಗೆ, ಹಿಟಾಚಿ ಡ್ರೈವರ್‌ಗೆ.

ಮುಂದಿನ ಸಲ ನಿಮ್ಮ ವಾರ್ಡಿನ ಮೆಂಬರ್ ಬಂದು "ಬೆಂಕಿ ಆರಿಸಿದ್ದೀವಿ" ಅಂದರೆ ಮೂರು ಪ್ರಶ್ನೆ ಕೇಳಿ. ಎಷ್ಟು ಆಳ ಅಗೆದಿರಿ? ಅಗೆದ ಕಸದ ಕಾವು ಮರುದಿನ ಎಷ್ಟಿತ್ತು? ಮೇಲೆ ಹಾಕಿದ್ದು ಗರಸೋ, ಎರೆಯೋ? ಉತ್ತರ ಸಿಕ್ಕರೆ ಕೆಳಗೆ ಕಾಮೆಂಟ್‌ನಲ್ಲಿ ಬರೆಯಿರಿ, ಊರಿನ ಹೆಸರು ಸಮೇತ.